ರೆಪೊ ದರ ಏರಿದರೆ ಬೆಲೆ ಏರಿಕೆ ತಗ್ಗುವುದು ಹೇಗೆ?

ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ಒತ್ತೆಯಿಟ್ಟು ಭಾರತೀಯ ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ಪಡೆಯುವ ಹಣಕ್ಕೆ ತೆರುವ ಬಡ್ಡಿಯ ದರವೇ ರೆಪೊ ದರ. 2022ರ ಏಪ್ರಿಲ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರವು ಶೇ. 7.79ಕ್ಕೆ ಏರಿತ್ತು. ರಿಸರ್ವ್ ಬ್ಯಾಂಕಿಗೆ ವಿಧಿಸಿರುವ ಗುರಿ ಶೇ. 4, ಮೇಲಿನ ಮಿತಿ ಶೇ. 6. ಆದುದರಿಂದ ಅದು ಮೇ ತಿಂಗಳಿನಿಂದ ಆರು ಬಾರಿ ದರವನ್ನು ಹೆಚ್ಚಿಸಿ, ಶೇ. 4ರಲ್ಲಿದ್ದುದನ್ನು 2023ರ ಫೆಬ್ರವರಿಯಲ್ಲಿ ಶೇ. 6.5ಕ್ಕೆ ತಂದಿತು.

ಮುಂಬಯಿಯಲ್ಲಿ ಕೈಗೊಂಡ ಈ ತೀರ್ಮಾನವು ನಲ್ಲಂಪಳ್ಳಿಯ ಮನೆಯೊಂದನ್ನು ತಲುಪುವ ಬಗೆಯನ್ನು ಒಂದು ಲೆಕ್ಕದಿಂದ ನೋಡೋಣ. ಇಪ್ಪತ್ತು ವರ್ಷಗಳ ಅವಧಿಗೆ ಹತ್ತು ಲಕ್ಷ ರೂಪಾಯಿಯ ಗೃಹಸಾಲವಿದೆ ಎಂದುಕೊಳ್ಳೋಣ. ಬಡ್ಡಿ ಶೇ. 7 ಆಗಿದ್ದರೆ ಮಾಸಿಕ ಕಂತು ಸುಮಾರು 7,753 ರೂಪಾಯಿ, ಶೇ. 9.5 ಆದರೆ ಸುಮಾರು 9,321 ರೂಪಾಯಿ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಿಸಬೇಕಾಗಿರುವುದರಿಂದ ಏರಿಕೆಯು ಬೇಗನೆ ಸಾಲಗಾರರನ್ನು ಮುಟ್ಟುತ್ತದೆ. ಕಂತನ್ನು ಹಾಗೆಯೇ ಉಳಿಸಿ ಅವಧಿಯನ್ನು ಮಾತ್ರ ಹಿಗ್ಗಿಸುವುದಕ್ಕೂ ಮಿತಿಯುಂಟು: ಶೇ. 9.5ರಲ್ಲಿ ಮೊದಲ ತಿಂಗಳ ಬಡ್ಡಿಯೇ 7,917 ರೂಪಾಯಿ. ಹಳೆಯ ಕಂತು ಬಡ್ಡಿಗೂ ಸಾಲದು. ಅಸಲು ಕರಗುವ ಬದಲು ಬೆಳೆಯುತ್ತದೆ.

ಹೆಚ್ಚುವರಿ 1,568 ರೂಪಾಯಿ ಕಂತಿಗೆ ಹೋದಾಗ ಆ ಮನೆಯವರು ಬಟ್ಟೆಯನ್ನೋ ಹೊಸ ಫೋನನ್ನೋ ಮುಂದೂಡುತ್ತಾರೆ. ಹೊಸದಾಗಿ ಸಾಲ ಬಯಸುವವರಿಗೆ 7,753 ರೂಪಾಯಿಯ ಕಂತಿಗೆ ಈಗ ದೊರೆಯುವುದು ಸುಮಾರು 8.32 ಲಕ್ಷ ಮಾತ್ರ. ಕೆಲವರು ಮನೆ ಕಟ್ಟುವುದನ್ನೇ ನಿಲ್ಲಿಸುತ್ತಾರೆ. ಇಟ್ಟಿಗೆ, ಸಿಮೆಂಟು, ಕೂಲಿಗಳಿಗೆ ಬೇಡಿಕೆ ಇಳಿಯುತ್ತದೆ. ಗಿರಾಕಿಗಳು ಕಡಿಮೆಯಾದ ವ್ಯಾಪಾರಿಯು ಬೆಲೆ ಏರಿಸಲು ಹಿಂಜರಿಯುತ್ತಾನೆ. ಈ ಸರಪಳಿ ಪೂರ್ತಿಯಾಗಲು ಹಲವು ತಿಂಗಳುಗಳು ಬೇಕು. ಬೆಲೆಗಳು ಇಳಿದೇ ಬಿಡುತ್ತವೆಂದಲ್ಲ. ಅವು ಏರುವ ವೇಗ ತಗ್ಗುತ್ತದೆ.

ಈ ಉಪಾಯ ಎಲ್ಲೆಡೆಯೂ ನಾಟುವುದಿಲ್ಲ. ಮೂರು ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಸರ್ಕಾರದ ಬಡ್ಡಿ ಸಹಾಯಧನವಿರುವುದರಿಂದ ರೆಪೊ ಏರಿಕೆಯ ಬಿಸಿ ಆ ರೈತರಿಗೆ ಅಷ್ಟಾಗಿ ತಟ್ಟದು. ಬೇಡಿಕೆಯಿಂದಲ್ಲದೆ ಫಸಲು ಕೆಟ್ಟು ಏರಿದ ಬೆಲೆಯನ್ನೂ ಬಡ್ಡಿ ಇಳಿಸಲಾರದು. 2023ರ ಜುಲೈಯಲ್ಲಿ ಟೊಮೆಟೊ ಹಲವು ನಗರಗಳಲ್ಲಿ ಕಿಲೋಗೆ ನೂರು ರೂಪಾಯಿ ದಾಟಿ, ಹಣದುಬ್ಬರ ಮತ್ತೆ ಶೇ. 7.44 ಆಯಿತು. ಧರ್ಮಪುರಿ ಜಿಲ್ಲೆಯ ಟೊಮೆಟೊ ಬೆಳೆಗಾರರಿಗೆ ಗೊತ್ತಿರುವಂತೆ, ಬಡ್ಡಿ ಏರಿದರೆ ಗಿಡದಲ್ಲಿ ಕಾಯಿ ಹೆಚ್ಚುವುದಿಲ್ಲ. ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ದರವನ್ನು ಶೇ. 6.5ರಲ್ಲೇ ಬಿಟ್ಟಿತು, ಹೊಸ ಫಸಲು ಬಂದಂತೆ ಟೊಮೆಟೊ ಬೆಲೆ ಇಳಿಯಿತು.

ಸಾಲವಿರುವ ಕುಟುಂಬಗಳಿಗೆ ನಾವು ಹೇಳುವುದಿಷ್ಟೆ: 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕ್ ಸೂಚನೆಯಂತೆ, ಬಡ್ಡಿದರ ಮರುನಿಗದಿಯಾಗುವಾಗ ಕಂತು ಹೆಚ್ಚಿಸಬೇಕೇ, ಅವಧಿ ಹಿಗ್ಗಿಸಬೇಕೇ ಎಂಬ ಆಯ್ಕೆಯನ್ನು ಬ್ಯಾಂಕು ಸಾಲಗಾರರಿಗೆ ನೀಡಬೇಕು. ಅಸಲು ಪ್ರತಿ ತಿಂಗಳೂ ಇಳಿಯುತ್ತಿದೆಯೇ ಎಂಬುದನ್ನು ಸಾಲದ ಲೆಕ್ಕಪಟ್ಟಿಯಲ್ಲಿ ನೋಡಿಕೊಳ್ಳಿರಿ.