ಬಂಡೂರು ತಳಿಮಿಶ್ರಣದಲ್ಲಿ ಅವಳಿ ಜೀನ್: 190 ಮತ್ತು 160ರ ಪಟ್ಟೆಗಳನ್ನು ಓದುವ ಬಗೆ

ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಕುರಿ ಮಾಂಸದ ರುಚಿಗೆ ಪ್ರಸಿದ್ಧ. ಆದರೆ ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಸುಂದರಬನದ ಗಾರೋಲ್ ತಳಿಯಲ್ಲಿ ಅವಳಿ ಮರಿಗಳು ಸಾಮಾನ್ಯ. ಅದಕ್ಕೆ ಕಾರಣವಾದ FecB ರೂಪಾಂತರ BMPR1B ಜೀನಿನಲ್ಲಿದೆ ಎಂಬುದು 2001ರಲ್ಲಿ ತಿಳಿಯಿತು. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಗಾರೋಲನ್ನು ದಖನಿ ಮತ್ತು ಬನ್ನೂರು (ಬಂಡೂರಿನ ಇನ್ನೊಂದು ಹೆಸರು) ಕುರಿಗಳೊಂದಿಗೆ ಕೂಡಿಸಿದರು. ಇಂಥ ಮಿಶ್ರತಳಿಯ ಮರಿಯಲ್ಲಿ ಈ ರೂಪಾಂತರ ಇದೆಯೇ ಎಂದು ಹೇಳಬೇಕಾದದ್ದು ಅಗರೋಸ್ ಜೆಲ್.

ಪಿಸಿಆರ್‌ನಿಂದ ಸಿಗುವ ತುಣುಕಿನ ಉದ್ದ 190 ಬೇಸ್ ಜೋಡಿ. ಪ್ರೈಮರಿನಲ್ಲಿ ಬೇಕೆಂದೇ ಒಂದು ಅಕ್ಷರ ಬದಲಿಸಿರುವುದರಿಂದ, ರೂಪಾಂತರವಿದ್ದ ಪ್ರತಿಯಲ್ಲಿ ಮಾತ್ರ AvaII ಕಿಣ್ವ ಕತ್ತರಿಸುವ ಜಾಗ ಹುಟ್ಟುತ್ತದೆ. ಕತ್ತರಿಸಿದರೆ 160 ಮತ್ತು 30 ಆಗುತ್ತದೆ. 190 ಮಾತ್ರ ಉಳಿದರೆ ಮರಿಯಲ್ಲಿ ರೂಪಾಂತರ ಇಲ್ಲ. 160 ಮಾತ್ರ ಕಂಡರೆ ಅದರ ಎರಡು ಪ್ರತಿಗಳಿವೆ. ಎರಡೂ ಪಟ್ಟೆ ಇದ್ದರೆ ಒಂದು ಪ್ರತಿ. 30ರ ತುಣುಕು ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಹುಡುಕುವುದೂ ಬೇಡ. ಆ ಮಟ್ಟದಲ್ಲಿ ಕಾಣುವ ಮಸುಕು ಬಹುತೇಕ ಪ್ರೈಮರುಗಳು ಒಂದಕ್ಕೊಂದು ಅಂಟಿಕೊಂಡು ಆದದ್ದು.

30 ಬೇಸ್‌ಗಳ ಅಂತರವನ್ನು 1% ಜೆಲ್ ಸ್ಪಷ್ಟವಾಗಿ ಬಿಡಿಸಲಾರದು. 100 ಮಿ.ಲೀ. ಟಿಬಿಇ ದ್ರಾವಣಕ್ಕೆ 3 ಗ್ರಾಂ ಅಗರೋಸ್ ಹಾಕಿ, ಕಾಳು ಉಳಿಯದಂತೆ ಕರಗಿಸಿ, 50ರ ಮೆಟ್ಟಿಲುಗಳ ಲ್ಯಾಡರ್ ಜೊತೆಗೆ ಓಡಿಸಬೇಕು. ಬಾವಿಯಿಂದ ಲ್ಯಾಡರಿನ 200ರ ಪಟ್ಟೆ 46 ಮಿ.ಮೀ., 150ರದು 54 ಮಿ.ಮೀ. ದೂರದಲ್ಲಿದೆ ಎನ್ನೋಣ. ದೂರಕ್ಕೆ ನೇರವಾಗಿ ಹೊಂದುವುದು ಉದ್ದವಲ್ಲ, ಉದ್ದದ ಲಾಗರಿದಮ್. 200ರ ಲಾಗ್ 2.301, 150ರದು 2.176, ಅಂದರೆ ಮಿ.ಮೀ.ಗೆ ಸುಮಾರು 0.0156 ಇಳಿಕೆ. 52 ಮಿ.ಮೀ.ನಲ್ಲಿರುವ ಪಟ್ಟೆಯ ಲಾಗ್ 2.207, ಉದ್ದ ಸುಮಾರು 161. 47.5 ಮಿ.ಮೀ.ನದು ಸುಮಾರು 190. ಈ ಲೆಕ್ಕ ಪಟ್ಟೆಯ ಎರಡೂ ಬದಿಯ ಹತ್ತಿರದ ಮೆಟ್ಟಿಲುಗಳ ನಡುವೆ ಮಾತ್ರ ನಂಬಲರ್ಹ.

ಅಳತೆ ಸರಿಯಾದರೂ ತೀರ್ಪು ತಪ್ಪಬಹುದು. ಎರಡೂ ಪ್ರತಿಗಳಿರುವ ಮರಿಯ ಡಿಎನ್‌ಎಯನ್ನು ಕಿಣ್ವ ಅರ್ಧಕ್ಕೇ ಬಿಟ್ಟರೆ 190 ಸ್ವಲ್ಪ ಉಳಿದು, ಮರಿಯಲ್ಲಿ ಒಂದೇ ಪ್ರತಿ ಇರುವಂತೆ ಕಾಣುತ್ತದೆ. ಪಟ್ಟೆಯ ಗಾಢತೆ ನೋಡಿ ಇವೆರಡನ್ನು ಬೇರ್ಪಡಿಸಲಾಗದು: ನಿಜವಾಗಿ ಒಂದು ಪ್ರತಿಯಿದ್ದಾಗಲೂ 160 ಮಂಕಾಗಿರುತ್ತದೆ, ಏಕೆಂದರೆ ಗಿಡ್ಡ ತುಣುಕಿಗೆ ಬಣ್ಣ ಕಡಿಮೆ ಹಿಡಿಯುತ್ತದೆ, ಜೊತೆಗೆ ಎರಡು ಬಗೆಯ ಎಳೆಗಳು ಹೆಣೆದುಕೊಂಡ ಅಣುಗಳನ್ನು ಕಿಣ್ವ ಕತ್ತರಿಸದು. ಆದ್ದರಿಂದ ಎರಡೂ ಪ್ರತಿಗಳಿವೆ ಎಂದು ಖಚಿತವಾಗಿರುವ ಕುರಿಯ ಡಿಎನ್‌ಎ ಪ್ರತಿ ಜೆಲ್‌ನಲ್ಲೂ ಇರಲೇಬೇಕು ಎಂಬುದು ನನ್ನ ಪಟ್ಟು. ಅದರಲ್ಲಿ 190 ಉಳಿದಿದ್ದರೆ ಆ ಜೆಲ್‌ನಲ್ಲಿ ಎರಡು ಪಟ್ಟೆ ಕಂಡ ಯಾವ ಮರಿಯ ಫಲಿತಾಂಶವನ್ನೂ ಬರೆಯಬಾರದು. ಕಿಣ್ವ ಹೆಚ್ಚಿಸಿ ಮತ್ತೆ ಕತ್ತರಿಸಬೇಕು. ಆಮೇಲೂ ಸಂಶಯ ಉಳಿದ ಮರಿಯ ತುಣುಕಿನ ಅಕ್ಷರಸರಣಿಯನ್ನೇ ಓದಿಸಬೇಕು.