ಕುಷ್ಠರೋಗದ ಬಹುಔಷಧ ಚಿಕಿತ್ಸೆ: ಅವಧಿಯ ಲೆಕ್ಕ, ಪ್ರತಿಕ್ರಿಯೆಯ ಕಾಟ

ರಿಫಾಂಪಿಸಿನ್, ಕ್ಲೋಫಜಿಮಿನ್, ಡ್ಯಾಪ್ಸೋನ್ ಎಂಬ ಮೂರು ಮದ್ದುಗಳನ್ನು ಕೂಡಿಸಿ, ರೋಗದ ಬಗೆ ನೋಡಿ ಗೊತ್ತಾದಷ್ಟು ತಿಂಗಳು ಕೊಡುವ ಕ್ರಮಕ್ಕೆ ಬಹುಔಷಧ ಚಿಕಿತ್ಸೆ ಎಂದು ಹೆಸರು. ಆಸ್ಪತ್ರೆಗಳಲ್ಲಿ ಇದನ್ನು ಎಂಡಿಟಿ ಎಂದೇ ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ತಂಡವೊಂದು 1981ರಲ್ಲಿ ಇದನ್ನು ರೂಪಿಸಿತು. ಅಂದಿನಿಂದ ಇದರ ಚರಿತ್ರೆ ಬಹುಮಟ್ಟಿಗೆ ಅವಧಿ ಕಡಿಮೆಯಾಗುತ್ತ ಬಂದ ಚರಿತ್ರೆ. ಆದರೆ ರೋಗಿಯ ಕೈಕಾಲುಗಳನ್ನು ಊನಗೊಳಿಸುವ ಪ್ರತಿಕ್ರಿಯೆಗಳು ಮಾತ್ರ ಮದ್ದಿನ ಕ್ಯಾಲೆಂಡರಿಗೆ ಎಂದೂ ಸೊಪ್ಪು ಹಾಕಿಲ್ಲ.

ಡ್ಯಾಪ್ಸೋನ್ ಕೈಕೊಟ್ಟದ್ದು

ರೋಗಾಣುವನ್ನು ನಾರ್ವೆಯ ಹಾನ್ಸೆನ್ 1873ರಲ್ಲಿ ಗುರುತಿಸಿದ. ಆದರೂ ಮುಂದಿನ ಎಪ್ಪತ್ತು ವರ್ಷ ವೈದ್ಯರ ಕೈಯಲ್ಲಿದ್ದದ್ದು ಗರುಡಫಲದ ಜಾತಿಯ ಮರಗಳ ಬೀಜದ ಎಣ್ಣೆ ಮಾತ್ರ. ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ 1941ರಲ್ಲಿ ಪ್ರೊಮಿನ್ ಎಂಬ ಸಲ್ಫೋನ್ ಮದ್ದು ಫಲ ಕೊಟ್ಟಿತು. ಆ ದಶಕ ಮುಗಿಯುವ ಹೊತ್ತಿಗೆ ಅದೇ ಕುಟುಂಬದ ಡ್ಯಾಪ್ಸೋನ್ ಭಾರತದಲ್ಲಿ ಕಾಕ್ರೇನ್ ಮತ್ತು ನೈಜೀರಿಯಾದಲ್ಲಿ ಲೋ ಅವರ ಕೈಯಲ್ಲಿ ಬಳಕೆಗೆ ಬಂತು. ಅಗ್ಗದ ಬೆಲೆ, ದಿನಕ್ಕೊಂದು ಗುಳಿಗೆ. ತೊಂದರೆ ಇದ್ದದ್ದು ಅವಧಿಯಲ್ಲಿ. ಡ್ಯಾಪ್ಸೋನ್ ರೋಗಾಣುವನ್ನು ಬಹಳ ನಿಧಾನವಾಗಿ ಹತೋಟಿಗೆ ತರುತ್ತದೆ. ಹಾಗಾಗಿ ರೋಗಾಣು ಕಡಿಮೆ ಇದ್ದವರಿಗೂ ಹಲವು ವರ್ಷ, ಹೆಚ್ಚು ಇದ್ದವರಿಗೆ ಬಹುಪಾಲು ಬದುಕಿರುವವರೆಗೆ ಗುಳಿಗೆ ನುಂಗುವ ಪಾಡು. ಹತ್ತು ಹದಿನೈದು ವರ್ಷ ದಿನವೂ ತಪ್ಪದೆ ಗುಳಿಗೆ ತೆಗೆದುಕೊಳ್ಳುವವರು ಯಾವ ಊರಿನಲ್ಲೂ ಹೆಚ್ಚಿರುವುದಿಲ್ಲ. ಒಂದೇ ಮದ್ದು, ಅದೂ ಬಿಟ್ಟು ಬಿಟ್ಟು. ರೋಗಾಣು ಅದಕ್ಕೆ ಪಳಗಿತು.

ಇದನ್ನು ಸಾಬೀತು ಮಾಡುವುದು ಸುಲಭವಿರಲಿಲ್ಲ, ಏಕೆಂದರೆ ಈ ರೋಗಾಣುವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಇಂದಿಗೂ ಬರುವುದಿಲ್ಲ. ಇಲಿಯ ಅಂಗಾಲಿನಲ್ಲಿ ಬೆಳೆಸಬಹುದೆಂದು ಶೆಪರ್ಡ್ 1960ರಲ್ಲಿ ತೋರಿಸಿದ ಮೇಲೆ ದಾರಿ ಸಿಕ್ಕಿತು. ಡ್ಯಾಪ್ಸೋನಿಗೆ ಬಗ್ಗದ ರೋಗಾಣುಗಳು ಇವೆಯೆಂದು ಮಲೇಷ್ಯಾದ ರೋಗಿಗಳಿಂದ 1964ರಲ್ಲಿ ಖಚಿತವಾಯಿತು.

ಆರು ತಿಂಗಳು, ಹನ್ನೆರಡು ತಿಂಗಳು

ಮೂರು ಮದ್ದು ಏಕೆ ಬೇಕು, ಯಾರಿಗೆ ಎಷ್ಟು ತಿಂಗಳು ಬೇಕು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ರೋಗಾಣುಗಳ ಸಂಖ್ಯೆಯಲ್ಲಿದೆ. ದೇಹದ ಪ್ರತಿರೋಧ ಚೆನ್ನಾಗಿರುವವರಲ್ಲಿ ಒಂದೆರಡು ಮಚ್ಚೆ ಮಾತ್ರ ಕಾಣುತ್ತವೆ. ಅವರ ಮೈಯಲ್ಲಿರುವ ರೋಗಾಣುಗಳು ಸುಮಾರು ಹತ್ತು ಲಕ್ಷದೊಳಗೆ. ಪ್ರತಿರೋಧವಿಲ್ಲದವರಲ್ಲಿ ಅವು ನೂರಾರು ಕೋಟಿ, ಕೆಲವೊಮ್ಮೆ ಅದಕ್ಕೂ ಎಷ್ಟೋ ಪಟ್ಟು ಹೆಚ್ಚು. ರಿಫಾಂಪಿಸಿನಿಗೆ ಹುಟ್ಟಿನಿಂದಲೇ ಬಗ್ಗದ ರೋಗಾಣು ಸುಮಾರು ಒಂದು ಕೋಟಿಗೆ ಒಂದು ಇರುತ್ತದೆಂದು ಅಂದಾಜು. ಹತ್ತು ಲಕ್ಷದಲ್ಲಿ ಅಂಥದ್ದು ಇರುವ ಸಂಭವ ಕಡಿಮೆ. ನೂರು ಕೋಟಿಯಲ್ಲಿ ಇದ್ದೇ ಇರುತ್ತದೆ, ಅದನ್ನು ಕೊಲ್ಲಲು ಬೇರೆ ಬಗೆಯಲ್ಲಿ ಕೆಲಸ ಮಾಡುವ ಇನ್ನೆರಡು ಮದ್ದು ಬೇಕು.

ಆದ್ದರಿಂದ 1981ರ ತಂಡ ರೋಗಿಗಳನ್ನು ಎರಡೇ ಗುಂಪಾಗಿ ವಿಂಗಡಿಸಿತು. ಅಲ್ಪಾಣು ರೋಗಿಗೆ ಎರಡು ಮದ್ದು, ಆರು ತಿಂಗಳು. ಬಹ್ವಾಣು ರೋಗಿಗೆ ಮೂರು ಮದ್ದು, ಕನಿಷ್ಠ ಎರಡು ವರ್ಷ. ಸಾಧ್ಯವಾದರೆ ಚರ್ಮದ ಲೇಪಪರೀಕ್ಷೆಯಲ್ಲಿ ರೋಗಾಣು ಕಾಣದಂತಾಗುವವರೆಗೆ. ವಯಸ್ಕರ ಪ್ರಮಾಣ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ: ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತರ ಕಣ್ಣೆದುರು 600 ಮಿಲಿಗ್ರಾಂ ರಿಫಾಂಪಿಸಿನ್ ಮತ್ತು 300 ಮಿಲಿಗ್ರಾಂ ಕ್ಲೋಫಜಿಮಿನ್, ಮನೆಯಲ್ಲಿ ದಿನವೂ 100 ಮಿಲಿಗ್ರಾಂ ಡ್ಯಾಪ್ಸೋನ್, 50 ಮಿಲಿಗ್ರಾಂ ಕ್ಲೋಫಜಿಮಿನ್. ಕ್ಷಯಕ್ಕೆ ದಿನವೂ ಕೊಡುವ ರಿಫಾಂಪಿಸಿನ್ ಇಲ್ಲಿ ತಿಂಗಳಿಗೊಮ್ಮೆ ಸಾಕಾದದ್ದು ಹೇಗೆ? ಕುಷ್ಠಾಣು ಒಂದು ಎರಡಾಗಲು ಹತ್ತಿರ ಹತ್ತಿರ ಎರಡು ವಾರ ಬೇಕು. ಒಂದು ಸಲದ ಪೆಟ್ಟಿನಿಂದ ಅದು ಚೇತರಿಸಿಕೊಳ್ಳುವಷ್ಟರಲ್ಲಿ ಮುಂದಿನ ಪೆಟ್ಟು ಬೀಳುತ್ತದೆ. ಜೊತೆಗೆ ಆ ದಿನಗಳಲ್ಲಿ ರಿಫಾಂಪಿಸಿನ್ ದುಬಾರಿ ಮದ್ದು. ಈ ಲೆಕ್ಕಾಚಾರ ಬಡ ದೇಶಗಳ ಬೊಕ್ಕಸಕ್ಕೂ ಹೊಂದಿತು.

ಲೇಪಪರೀಕ್ಷೆ ಮಾಡಬಲ್ಲ ಪ್ರಯೋಗಾಲಯಗಳು ಹಳ್ಳಿಗಳ ಹತ್ತಿರ ಇರಲಿಲ್ಲ. ಹಾಗಾಗಿ ಮುಂದೆ ಮಚ್ಚೆ ಎಣಿಸಿ ವಿಂಗಡಿಸುವ ಕ್ರಮ ಬಂತು: ಐದರವರೆಗೆ ಅಲ್ಪಾಣು, ಐದಕ್ಕಿಂತ ಹೆಚ್ಚಾದರೆ ಬಹ್ವಾಣು. ಭಾರತದಲ್ಲಿ ನರಗಳನ್ನೂ ಲೆಕ್ಕಕ್ಕೆ ಹಿಡಿದರು. ಒಂದಕ್ಕಿಂತ ಹೆಚ್ಚು ನರ ಕೆಟ್ಟಿದ್ದರೆ ಮಚ್ಚೆ ಎಷ್ಟೇ ಇರಲಿ, ಅದು ಬಹ್ವಾಣು. ಬಹ್ವಾಣುವಿನ ಅವಧಿಯನ್ನು 1990ರ ದಶಕದಲ್ಲಿ ಮೊದಲು ಖಚಿತ 24 ತಿಂಗಳಿಗೆ, ದಶಕದ ಕೊನೆಗೆ 12 ತಿಂಗಳಿಗೆ ಇಳಿಸಲಾಯಿತು. ಎರಡನೆಯ ಇಳಿಕೆಗೆ ಎಲ್ಲ ತಜ್ಞರೂ ಒಪ್ಪಿರಲಿಲ್ಲ. ಮೊದಲ ಪರೀಕ್ಷೆಯಲ್ಲೇ ರೋಗಾಣು ಸೂಚ್ಯಂಕ 4 ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ರೋಗ ಮರುಕಳಿಸುವುದು ಹೆಚ್ಚು ಎಂಬುದು ಅವರ ಆಕ್ಷೇಪ. ಅದು ಆಧಾರವಿಲ್ಲದ ಮಾತಲ್ಲ. ಆದರೆ ಅಂಥವರು ಒಟ್ಟು ರೋಗಿಗಳಲ್ಲಿ ಕೆಲವರೇ ಆದ್ದರಿಂದ ಕಾರ್ಯಕ್ರಮ ನಡೆಸುವವರ ವಾದ ಗೆದ್ದಿತು. ಎಲ್ಲರಿಗೂ ಆರೇ ತಿಂಗಳು ಸಾಕು ಎಂಬ ಮುಂದಿನ ಪ್ರಸ್ತಾಪಕ್ಕೆ ಮಾತ್ರ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಾಕಷ್ಟು ಪುರಾವೆಯಿಲ್ಲವೆಂದು ಒಪ್ಪಲಿಲ್ಲ. ಬದಲಿಗೆ ಅಲ್ಪಾಣು ರೋಗಿಗೂ ಮೂರು ಮದ್ದು ಕೊಡಿ, ಅವಧಿ ಆರು ತಿಂಗಳೇ ಇರಲಿ ಎಂದಿತು. ಮಚ್ಚೆ ಎಣಿಸುವಾಗ ತಪ್ಪಾಗಿ ಬಹ್ವಾಣು ರೋಗಿ ಅಲ್ಪಾಣು ಗುಂಪಿಗೆ ಸೇರಿಹೋದರೆ ಆಗುವ ನಷ್ಟ ಇದರಿಂದ ತಗ್ಗುತ್ತದೆ. ಭಾರತ ಈ ಕ್ರಮಕ್ಕೆ ಬಂದದ್ದು 2025ರಲ್ಲಿ.

ಮದ್ದು 28 ದಿನಗಳ ಗುಳಿಗೆ ಹಾಳೆಯಾಗಿ ಉಚಿತವಾಗಿ ಸಿಗುತ್ತದೆ. ಆರು ಹಾಳೆಗಳನ್ನು ಒಂಬತ್ತು ತಿಂಗಳೊಳಗೆ, ಹನ್ನೆರಡನ್ನು ಹದಿನೆಂಟು ತಿಂಗಳೊಳಗೆ ಮುಗಿಸಿದರೆ ಚಿಕಿತ್ಸೆ ಪೂರ್ಣ. ದುಡಿಯಲು ಗುಳೆ ಹೋಗುವವರನ್ನು ಮನಸ್ಸಿನಲ್ಲಿಟ್ಟು ಕೊಟ್ಟ ಈ ರಿಯಾಯಿತಿ ಇಡೀ ಯೋಜನೆಯ ಅತ್ಯಂತ ವಿವೇಕದ ಭಾಗ.

ಸತ್ತ ರೋಗಾಣುವಿನ ಮೇಲೆ ದೇಹದ ಯುದ್ಧ

ರಿಫಾಂಪಿಸಿನ್ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಸತ್ತ ರೋಗಾಣುಗಳು ಚರ್ಮದಲ್ಲೂ ನರದಲ್ಲೂ ವರ್ಷಗಟ್ಟಲೆ ಉಳಿಯುತ್ತವೆ. ಸೂಚ್ಯಂಕ ಇಳಿಯುವುದೇ ವರ್ಷಕ್ಕೆ ಹೆಚ್ಚೆಂದರೆ ಒಂದು ಅಂಕದಷ್ಟು. ದೇಹದ ಪ್ರತಿರೋಧ ವ್ಯವಸ್ಥೆ ಯಾವಾಗಲೋ ಎಚ್ಚೆತ್ತು ಈ ಶೇಷದ ಮೇಲೆ ಬಿದ್ದಾಗ ಆಗುವ ಉರಿಯೂತವೇ ಪ್ರತಿಕ್ರಿಯೆ. ಅದು ಮದ್ದು ಶುರುವಾಗುವ ಮೊದಲೇ ಬರಬಹುದು, ನಡುವೆ ಬರಬಹುದು, ಮುಗಿದು ಎರಡು ಮೂರು ವರ್ಷವಾದ ಮೇಲೂ ಬರಬಹುದು. ರೋಗಿಯ ಕಣ್ಣಿಗೆ ಕಾಣುವುದು ಒಂದೇ: ಗುಳಿಗೆ ತಗೊಂಡ ಮೇಲೆ ಕಾಯಿಲೆ ಜೋರಾಯಿತು. ಅಲ್ಲಿಗೆ ಗುಳಿಗೆ ನಿಲ್ಲುತ್ತದೆ.

ಮೊದಲ ಬಗೆಯ ಪ್ರತಿಕ್ರಿಯೆ ಪ್ರತಿರೋಧದ ಎರಡು ತುದಿಗಳ ನಡುವಿನ ರೋಗಿಗಳಿಗೆ ಬರುವಂಥದ್ದು. ಎಂಟು ಮಚ್ಚೆ, ಬಲ ಮೊಣಕೈಯ ಒಳಬದಿಯಲ್ಲಿ ದಪ್ಪಗಾದ ಅಲ್ನಾರ್ ನರ ಇರುವ ಒಬ್ಬ ಕೂಲಿಕಾರನನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಬಹ್ವಾಣು ರೋಗಿ, ನಾಲ್ಕನೆಯ ಹಾಳೆ ನಡೆಯುತ್ತಿದೆ. ಹಳೆಯ ಮಚ್ಚೆಗಳು ಕೆಂಪಗೆ ಊದಿಕೊಂಡಿವೆ, ಹೊಸದಾಗಿ ಬಂದಂತೆ ತೋರುತ್ತವೆ. ಅವನ ದೂರೂ ಅಷ್ಟೇ. ಇಲ್ಲಿ ಮಚ್ಚೆ ನೋಡಿ ಮುಗಿಸಿದರೆ ಕೈ ಹೋಯಿತೆಂದೇ ಲೆಕ್ಕ. ಕಾರ್ಯಕರ್ತೆ ಅವನ ಕಣ್ಣು ಮುಚ್ಚಿಸಿ ಬಾಲ್‌ಪೆನ್ನಿನ ತುದಿಯನ್ನು ಅಂಗೈಯ ಗೊತ್ತಾದ ಜಾಗಗಳಿಗೆ ಮುಟ್ಟಿಸುತ್ತಾಳೆ. ಎಲ್ಲಿ ಮುಟ್ಟಿತೆಂದು ಅವನು ಇನ್ನೊಂದು ಕೈಯ ಬೆರಳಿನಿಂದ ತೋರಿಸಬೇಕು. ಕಿರುಬೆರಳಿನ ಬದಿಯ ಎರಡು ಜಾಗ ಅವನಿಗೆ ತಿಳಿಯುವುದಿಲ್ಲ. ಕಿರುಬೆರಳನ್ನು ಹೊರಕ್ಕೆ ಚಾಚಿಸಿ ಅವಳು ಒಳಕ್ಕೆ ಒತ್ತಿದರೆ ಅದು ತಡೆಯದೆ ಬಗ್ಗುತ್ತದೆ. ಕಾರ್ಡಿನಲ್ಲಿ ಮೊದಲ ತಿಂಗಳು ಬರೆದದ್ದು: ಸ್ಪರ್ಶ ಪೂರ್ತಿ, ಬಲ ಪೂರ್ತಿ. ಆ ಹಳೆಯ ದಾಖಲೆ ಇಲ್ಲದಿದ್ದರೆ ಈ ಬದಲಾವಣೆ ಹೊಸದೋ ಹಳೆಯದೋ ಹೇಳಲು ಬರುತ್ತಿರಲಿಲ್ಲ. ನೋವಿಲ್ಲದೆಯೂ ನರ ಹೀಗೆ ಸದ್ದಿಲ್ಲದೆ ಸೋಲುವುದುಂಟು.

ಆರು ತಿಂಗಳೊಳಗಿನ ನಷ್ಟವಾದರೆ ಮರಳಿ ಬರುವ ಆಸೆಯಿದೆ. ಮದ್ದು ಪ್ರೆಡ್ನಿಸೋಲೋನ್. ಭಾರತದ ಕಾರ್ಯಕ್ರಮದಲ್ಲಿ ಬಹುಕಾಲ ನಡೆದ ಕ್ರಮ ಹನ್ನೆರಡು ವಾರದ್ದು: ದಿನಕ್ಕೆ 40 ಮಿಲಿಗ್ರಾಮಿನಿಂದ ಶುರುಮಾಡಿ ಎರಡೆರಡು ವಾರಕ್ಕೆ 30, 20, 15, 10, 5 ಎಂದು ಇಳಿಸುವುದು. ನರ ಕೆಟ್ಟವರಿಗೆ ಇದು ಸಾಲದೆಂದು ಮುಂದೆ ಅವಧಿ ಹಿಗ್ಗಿತು. 20 ವಾರಕ್ಕೂ 32 ವಾರಕ್ಕೂ ಫಲದಲ್ಲಿ ವ್ಯತ್ಯಾಸವಿಲ್ಲವೆಂದು 2017ರಲ್ಲಿ ಪ್ರಕಟವಾದ ಹೋಲಿಕೆ ಪ್ರಯೋಗವೊಂದು ತೋರಿಸಿತು. ಮಾತ್ರೆ ಕೊಡುವ ಮೊದಲು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಷಯ ಇವೆಯೇ ನೋಡಿ, ಜಂತುಹುಳುವಿನ ಮದ್ದು ಕೊಡಬೇಕು. ಕೈಗೆ ಪಟ್ಟಿ ಕಟ್ಟಿ ವಿಶ್ರಾಂತಿ ಕೊಡಬೇಕು. ಕೂಲಿಯವನಿಗೆ ಇದೇ ಎಲ್ಲಕ್ಕಿಂತ ಕಷ್ಟದ ಸಲಹೆ. ಎರಡು ವಾರಕ್ಕೊಮ್ಮೆ ಅದೇ ಪೆನ್ನು, ಅದೇ ಬೆರಳು. ಇಷ್ಟೆಲ್ಲದರ ನಡುವೆ ಐದನೆಯ ಹಾಳೆ ಅದರ ದಿನಕ್ಕೇ ಶುರುವಾಗಬೇಕು. ಪ್ರತಿಕ್ರಿಯೆಗೆ ಎಂಡಿಟಿ ನಿಲ್ಲಿಸುವಂತಿಲ್ಲ.

ಎರಡನೆಯ ಬಗೆ ಪ್ರತಿರೋಧವಿಲ್ಲದ, ರೋಗಾಣು ತುಂಬಿದ ಮೈಯಲ್ಲಿ ಬರುತ್ತದೆ. ಮಚ್ಚೆ ಇದ್ದಂತೆ ಇರುತ್ತವೆ. ಮುಖ, ತೋಳು, ತೊಡೆಗಳ ಮೇಲೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಹೊಸದಾಗಿ ಏಳುತ್ತವೆ, ಜೊತೆಗೆ ಜ್ವರ, ಕೀಲುನೋವು, ಕೆಲವರಿಗೆ ವೃಷಣದ ಬಾವು. ಕಣ್ಣು ಕೆಂಪಾಗಿ ಬೆಳಕು ತಾಳದಾದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಇದೂ ಪ್ರೆಡ್ನಿಸೋಲೋನಿಗೆ ತಗ್ಗುತ್ತದೆ, ಆದರೆ ಪ್ರಮಾಣ ಇಳಿಸಿದೊಡನೆ ಮತ್ತೆ ಬರುತ್ತದೆ. ಸ್ಟೀರಾಯ್ಡ್ ಬಿಡಲಾಗದೆ ಮುಖ ಊದಿ, ಮೂಳೆ ಸವೆದವರು ಬಹಳ. ಆಗ ನೆರವಿಗೆ ಬರುವುದು ಕ್ಲೋಫಜಿಮಿನ್. ದಿನಕ್ಕೆ 300 ಮಿಲಿಗ್ರಾಮಿನಂತೆ ಸುಮಾರು ಹನ್ನೆರಡು ವಾರ ಕೊಟ್ಟು ಆಮೇಲೆ ಇಳಿಸುತ್ತಾರೆ. ಅದು ಕೆಲಸ ತೋರಿಸಲು ನಾಲ್ಕಾರು ವಾರ ಬೇಕು, ಚರ್ಮವೂ ಕಪ್ಪಾಗುತ್ತದೆ. ಬೇಗ ಕೆಲಸ ಮಾಡುವ ಮದ್ದು ಥಾಲಿಡೊಮೈಡ್. ಜೆರುಸಲೇಮಿನ ವೈದ್ಯ ಶೆಸ್ಕಿನ್ 1960ರ ದಶಕದಲ್ಲಿ ನಿದ್ರೆ ಬಾರದ ರೋಗಿಗಳಿಗೆಂದು ಇದನ್ನು ಕೊಟ್ಟಾಗ ಪ್ರತಿಕ್ರಿಯೆಯೇ ಇಳಿದುಹೋಯಿತು. ಗರ್ಭದ ಶಿಶುವಿನ ಕೈಕಾಲು ಬೆಳೆಯದಂತೆ ಮಾಡಿ ಜಗತ್ತಿನಾದ್ಯಂತ ನಿಷೇಧಗೊಂಡಿದ್ದ ಅದೇ ಮದ್ದಿಗೆ ಅಮೆರಿಕದಲ್ಲಿ 1998ರಲ್ಲಿ ಈ ಪ್ರತಿಕ್ರಿಯೆಗೆಂದೇ ಒಪ್ಪಿಗೆ ಸಿಕ್ಕಿತು. ಗರ್ಭ ನಿಲ್ಲುವ ಸಾಧ್ಯತೆ ಇರುವಲ್ಲಿ ಕಟ್ಟುನಿಟ್ಟಿನ ಉಸ್ತುವಾರಿಯಿಲ್ಲದೆ ಅದನ್ನು ಕೊಡಲೇಬಾರದು.

ಮೊದಲ ಎರಡು ತಿಂಗಳಲ್ಲಿ ಬರುವ ಜ್ವರವೆಲ್ಲ ಪ್ರತಿಕ್ರಿಯೆಯಲ್ಲ. ಜ್ವರದ ಜೊತೆ ಮೈತುಂಬ ತುರಿಕೆಯ ದದ್ದು, ಕಣ್ಣು ಹಳದಿ, ಕುತ್ತಿಗೆಯಲ್ಲಿ ಗಡ್ಡೆ ಕಂಡರೆ ಅದು ಡ್ಯಾಪ್ಸೋನ್ ಒಗ್ಗದೆ ಆದದ್ದು, ಪ್ರಾಣಕ್ಕೇ ಬರಬಹುದು. ಡ್ಯಾಪ್ಸೋನನ್ನು ಆ ಕ್ಷಣವೇ ನಿಲ್ಲಿಸಿ ಮತ್ತೆಂದೂ ಕೊಡಬಾರದು. ಉಳಿದ ಮದ್ದುಗಳನ್ನು ಮುಂದುವರಿಸುವುದು ರೋಗಿ ಚೇತರಿಸಿಕೊಂಡ ಮೇಲೆ.

ಹನ್ನೆರಡು ಹಾಳೆ ಮುಗಿಸಿ ಹೋದವನು ವರ್ಷದ ಮೇಲೆ ಕೆಂಪು ಮಚ್ಚೆ ತೋರಿಸುತ್ತ ಬಂದರೆ ರೋಗ ಮರುಕಳಿಸಿತೋ, ತಡವಾದ ಪ್ರತಿಕ್ರಿಯೆಯೋ ಎಂಬ ಪ್ರಶ್ನೆ ಏಳುತ್ತದೆ. ಹಳೆಯ ಮಚ್ಚೆಗಳೇ ಒಮ್ಮೆಲೇ ಊದಿ, ನರ ನೋಯುತ್ತಿದ್ದು, ಮದ್ದು ಮುಗಿದು ಮೂರು ವರ್ಷದೊಳಗಾದರೆ ಬಹುತೇಕ ಪ್ರತಿಕ್ರಿಯೆ. ಹೊಸ ಮಚ್ಚೆಗಳು ಹಲವು ವರ್ಷಗಳ ನಂತರ ನಿಧಾನವಾಗಿ ಕಾಣಿಸಿಕೊಂಡು, ಸೂಚ್ಯಂಕ ಹಿಂದಿನದಕ್ಕಿಂತ ಎರಡು ಅಂಕವಾದರೂ ಏರಿದ್ದರೆ ಮರುಕಳಿಕೆಯ ಅನುಮಾನ. ತೀರ್ಮಾನ ಕಷ್ಟವಾದಾಗ ಪ್ರೆಡ್ನಿಸೋಲೋನ್ ಕೊಟ್ಟು ನೋಡುವುದುಂಟು: ಪ್ರತಿಕ್ರಿಯೆಯಾದರೆ ನಾಲ್ಕು ವಾರದೊಳಗೆ ಮಚ್ಚೆ ತಗ್ಗುತ್ತದೆ, ರೋಗವೇ ಆದರೆ ಅಷ್ಟಾಗಿ ಜಗ್ಗುವುದಿಲ್ಲ. ಆಗ ಎಂಡಿಟಿ ಮೊದಲ ಹಾಳೆಯಿಂದ ಮತ್ತೆ ಶುರು.