ವಯಸ್ಸು ಎರಡು ಕಡೆ ಕೈಯಾಡಿಸಿದಾಗ: ಬ್ರಿಟಿಷ್ ವೈದ್ಯರ ಧೂಮಪಾನ ಕೋಷ್ಟಕದ ಮರು ಓದು

ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರಿಗೆಲ್ಲ ಧೂಮಪಾನದ ಬಗ್ಗೆ ಒಂದು ಚಿಕ್ಕ ಪ್ರಶ್ನಾವಳಿ ಕಳಿಸಿ, ಉತ್ತರಿಸಿದವರ ಸಾವುಗಳನ್ನು ದಶಕಗಳ ಕಾಲ ದಾಖಲಿಸುತ್ತ ಹೋದರು. ಆ ಅಧ್ಯಯನದ ಮೊದಲ ವರ್ಷಗಳಲ್ಲಿ ಪುರುಷ ವೈದ್ಯರಲ್ಲಿ ಹೃದಯದ ರಕ್ತನಾಳದ ಕಾಯಿಲೆಯಿಂದಾದ ಸಾವುಗಳ ಕೋಷ್ಟಕವನ್ನು ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಪಾಠಕ್ಕೆ ಬಳಸುತ್ತಾರೆ. ಐದೇ ಸಾಲುಗಳ ಈ ಕೋಷ್ಟಕದಲ್ಲಿ ವಯಸ್ಸು ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಆ ಎರಡನ್ನೂ ಒಂದೇ ಎಂದು ಓದುವವರು ಕಡಿಮೆಯಿಲ್ಲ.

| ವಯಸ್ಸು | ಸೇದುವವರು: ಸಾವು | ವ್ಯಕ್ತಿ-ವರ್ಷ | ಸೇದದವರು: ಸಾವು | ವ್ಯಕ್ತಿ-ವರ್ಷ |
|---|---|---|---|---|
| 35–44 | 32 | 52,407 | 2 | 18,790 |
| 45–54 | 104 | 43,248 | 12 | 10,673 |
| 55–64 | 206 | 28,612 | 28 | 5,710 |
| 65–74 | 186 | 12,663 | 28 | 2,585 |
| 75–84 | 102 | 5,317 | 31 | 1,462 |
| ಒಟ್ಟು | 630 | 1,42,247 | 101 | 39,220 |

ಒಬ್ಬ ವೈದ್ಯರನ್ನು ಒಂದು ವರ್ಷ ಗಮನಿಸಿದರೆ ಅದು ಒಂದು ವ್ಯಕ್ತಿ-ವರ್ಷ. ಕೊನೆಯ ಸಾಲನ್ನಷ್ಟೇ ನೋಡಿದರೆ ವರ್ಷಕ್ಕೆ 10,000 ಮಂದಿಯಲ್ಲಿ ಸೇದುವವರು 44.3, ಸೇದದವರು 25.8 ಮಂದಿ ಸತ್ತಿದ್ದಾರೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.72.

ಈ 1.72 ನ್ಯಾಯವಾದ ಹೋಲಿಕೆಯಲ್ಲ. ಸೇದದವರ ವ್ಯಕ್ತಿ-ವರ್ಷಗಳಲ್ಲಿ ಶೇ. 48ರಷ್ಟು 35–44ರ ಗುಂಪಿನವು, ಸೇದುವವರಲ್ಲಿ ಆ ಪಾಲು ಶೇ. 37 ಮಾತ್ರ. ಅಂದರೆ ಸೇದದವರ ಗುಂಪೇ ಎಳೆಯದು. ಎಳೆಯರು ಹೃದಯದ ಕಾಯಿಲೆಯಿಂದ ಸಾಯುವುದು ತೀರ ಕಡಿಮೆ. ಹಾಗಾಗಿ ಸೇದದವರಿಗೆ ಸಿಕ್ಕ ಅನುಕೂಲದಲ್ಲಿ ಒಂದು ಪಾಲು ಸಿಗರೇಟು ಸೇದದಿದ್ದುದರ ಫಲವಲ್ಲ, ವಯಸ್ಸಿನದು. ಇದು ಕನ್‌ಫೌಂಡಿಂಗ್: ಮೂರನೆಯ ಅಂಶವೊಂದು ಎರಡು ಗುಂಪುಗಳಲ್ಲಿ ಅಸಮವಾಗಿ ಹಂಚಿಕೊಂಡು, ಅದರ ಪರಿಣಾಮ ನಾವು ಅಳೆಯುತ್ತಿರುವ ಪರಿಣಾಮದೊಳಗೆ ಬೆರೆತುಹೋಗುವುದು.

ಬೆರಕೆಯನ್ನು ತೆಗೆಯಲು ಸೇದುವವರು ತಮ್ಮ ತಮ್ಮ ವಯಸ್ಸಿನಲ್ಲಿ ಸೇದದವರ ದರದಲ್ಲೇ ಸತ್ತಿದ್ದರೆ ಎಷ್ಟು ಸಾವು ಆಗುತ್ತಿತ್ತು ಎಂದು ಲೆಕ್ಕ ಹಾಕಬೇಕು. ಮೊದಲ ಸಾಲಿನಲ್ಲಿ 52,407ನ್ನು 2ರಿಂದ ಗುಣಿಸಿ 18,790ರಿಂದ ಭಾಗಿಸಿದರೆ 5.6. ಹೀಗೆಯೇ ಮುಂದಿನ ಸಾಲುಗಳಲ್ಲಿ 48.6, 140.3, 137.2, 112.7. ಕೂಡಿದರೆ 444. ನಿಜವಾಗಿ ಸತ್ತವರು 630. ಭಾಗಿಸಿದರೆ 1.42. ಮ್ಯಾಂಟೆಲ್-ಹೆನ್ಸೆಲ್ ವಿಧಾನ ಸಾಲುಗಳಿಗೆ ಬೇರೆ ತೂಕ ಕೊಡುತ್ತದೆ, ಆದರೂ ಇಲ್ಲಿ ಅದರ ಉತ್ತರವೂ 1.42. 1.72 ಇಳಿದು 1.42 ಆದದ್ದು ಕನ್‌ಫೌಂಡಿಂಗ್‌ನ ಗಾತ್ರ. ಇದಕ್ಕೆ ‘ಪಿ’ ಮೌಲ್ಯದ ಪರೀಕ್ಷೆ ಬೇಕಿಲ್ಲ. ಅಂದಾಜು ಎಷ್ಟು ಸರಿದಿದೆ, ಆ ಸರಿತ ನಮ್ಮ ಪ್ರಶ್ನೆಗೆ ಮುಖ್ಯವೇ ಎಂದು ನೋಡಿದರೆ ಸಾಕು.

ಬಹಳಷ್ಟು ವರದಿಗಳು ಇಲ್ಲಿಗೇ ನಿಲ್ಲುತ್ತವೆ. ‘ವಯಸ್ಸಿಗೆ ಸರಿಹೊಂದಿಸಿದ ಅನುಪಾತ 1.42’ ಎಂದು ಬರೆದು ಮುಂದೆ ಹೋಗುತ್ತಾರೆ. ಆದರೆ ಆ ಅಂಕಿ ಯಾವ ವಯಸ್ಸಿನವರದು? ಸಾಲುಸಾಲಾಗಿ ನೋಡೋಣ. ದರಗಳು ವರ್ಷಕ್ಕೆ 10,000 ಮಂದಿಗೆ.

| ವಯಸ್ಸು | ಸೇದುವವರ ದರ | ಸೇದದವರ ದರ | ಅನುಪಾತ | ವ್ಯತ್ಯಾಸ |
|---|---|---|---|---|
| 35–44 | 6.1 | 1.1 | 5.7 | 5.0 |
| 45–54 | 24.0 | 11.2 | 2.1 | 12.8 |
| 55–64 | 72.0 | 49.0 | 1.5 | 23.0 |
| 65–74 | 146.9 | 108.3 | 1.4 | 38.6 |
| 75–84 | 191.8 | 212.0 | 0.9 | −20.2 |

ಅನುಪಾತ 5.7ರಿಂದ 0.9ಕ್ಕೆ ಇಳಿಯುತ್ತದೆ. ಪ್ರತಿ ಸಾಲಿನೊಳಗೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರನ್ನೇ ಹೋಲಿಸಿದ್ದೇವೆ, ಆದ್ದರಿಂದ ಈ ಇಳಿತವನ್ನು ಮೇಲಿನ ಬೆರಕೆಯ ತಲೆಗೆ ಕಟ್ಟುವಂತಿಲ್ಲ. ಧೂಮಪಾನದ ಪರಿಣಾಮವೇ ವಯಸ್ಸಿನಿಂದ ವಯಸ್ಸಿಗೆ ಬೇರೆಯಾಗಿದೆ. ಪರಿಣಾಮದ ಮಾರ್ಪಾಡು ಎಂದರೆ ಇದೇ. ಕನ್‌ಫೌಂಡಿಂಗ್ ಅಧ್ಯಯನದ ಜನ ಹೇಗೆ ಹಂಚಿಕೊಂಡಿದ್ದಾರೆ ಎಂಬುದರಿಂದ ಬಂದ ದೋಷ, ಅದನ್ನು ತೆಗೆಯಬೇಕು. ಮಾರ್ಪಾಡು ಒಂದು ಫಲಿತಾಂಶ, ಅದನ್ನು ತೋರಿಸಬೇಕು. ಇವು ಒಂದನ್ನೊಂದು ಅವಲಂಬಿಸಿಯೂ ಇಲ್ಲ. ಎರಡೂ ಗುಂಪುಗಳ ವಯೋಹಂಚಿಕೆ ಒಂದೇ ಆಗಿದ್ದರೆ ಕನ್‌ಫೌಂಡಿಂಗ್ ಇರುತ್ತಿರಲಿಲ್ಲ, ಆದರೆ ಅನುಪಾತದ ಇಳಿತ ಹಾಗೇ ಉಳಿಯುತ್ತಿತ್ತು. ಐದೂ ಸಾಲುಗಳಲ್ಲಿ ಅನುಪಾತ 1.42 ಆಗಿದ್ದು ಹಂಚಿಕೆ ಈಗಿನಂತೆಯೇ ಇದ್ದಿದ್ದರೆ ಕನ್‌ಫೌಂಡಿಂಗ್ ಮಾತ್ರ ಇರುತ್ತಿತ್ತು.

ಈಗ ಕೊನೆಯ ಕಾಲಂ ನೋಡಿ. ಅನುಪಾತ ಇಳಿಯುತ್ತಿರುವ ಮೊದಲ ನಾಲ್ಕು ಸಾಲುಗಳಲ್ಲೇ ವ್ಯತ್ಯಾಸ 5ರಿಂದ 39ಕ್ಕೆ ಏರುತ್ತದೆ. ಹಾಗಾದರೆ ವಯಸ್ಸಾದಂತೆ ಸಿಗರೇಟಿನ ಕೇಡು ತಗ್ಗಿತೋ, ಹೆಚ್ಚಿತೋ? ಉತ್ತರ ಅಳತೆಗೋಲನ್ನು ಅವಲಂಬಿಸಿದೆ. ಸೇದದವರ ದರವೇ 1.1ರಿಂದ 108.3ಕ್ಕೆ ಏರಿರುವಾಗ ಅನುಪಾತ ಮತ್ತು ವ್ಯತ್ಯಾಸ ಎರಡೂ ಸ್ಥಿರವಾಗಿ ನಿಲ್ಲಲು ಸಾಧ್ಯವಿಲ್ಲ. 65–74ರಲ್ಲೂ 5.7 ಪಟ್ಟೇ ಇದ್ದಿದ್ದರೆ ಸೇದುವವರ ದರ ಸುಮಾರು 620 ಆಗಬೇಕಿತ್ತು. ಬರೀ 5 ಸೇರಿದ್ದರೆ 113 ಆಗಬೇಕಿತ್ತು. ಕಂಡದ್ದು 147. ಆದ್ದರಿಂದ ‘ಮಾರ್ಪಾಡು ಇದೆ’ ಎಂದಷ್ಟೇ ಬರೆದರೆ ಅರ್ಧ ವಾಕ್ಯ. ಯಾವ ಅಳತೆಯಲ್ಲಿ ಎಂದು ಹೇಳಲೇಬೇಕು. ಎಷ್ಟು ಜೀವ ಉಳಿಯಬಹುದು ಎಂದು ಕೇಳುವ ಆರೋಗ್ಯ ಇಲಾಖೆಗೆ ವ್ಯತ್ಯಾಸದ ಕಾಲಂ ಬೇಕು. ಅನುಪಾತವನ್ನೇ ನೋಡಿ ‘ಅರವತ್ತಾದ ಮೇಲೆ ಬಿಟ್ಟೇನು ಪ್ರಯೋಜನ’ ಎನ್ನುವವರು ಈ ಕೋಷ್ಟಕವನ್ನು ತಲೆಕೆಳಗಾಗಿ ಓದುತ್ತಿದ್ದಾರೆ.

ಎರಡು ತುದಿಯ ಸಾಲುಗಳನ್ನು ಮಾತ್ರ ಅಷ್ಟು ಸುಲಭವಾಗಿ ನಂಬಬಾರದು. 5.7 ಎಂಬುದು ಸೇದದವರ ಎರಡೇ ಸಾವುಗಳ ಮೇಲೆ ನಿಂತಿದೆ. ಇನ್ನೊಬ್ಬರು ಸತ್ತಿದ್ದರೆ ಅದು 3.8 ಆಗುತ್ತಿತ್ತು. ಅದರ ಶೇ. 95 ವಿಶ್ವಾಸಾಂತರ ಸುಮಾರು 1.4ರಿಂದ 24ರವರೆಗೆ ಹರಡಿದೆ. ಐದೂ ಅನುಪಾತಗಳು ನಿಜಕ್ಕೂ ಒಂದೇ ಇರಬಹುದೇ ಎಂದು ಕೇಳುವ ಏಕರೂಪತೆಯ ಪರೀಕ್ಷೆಯಲ್ಲಿ ‘ಪಿ’ 0.034 ಬರುತ್ತದೆ: ಇಳಿತ ಬರೀ ಆಕಸ್ಮಿಕ ಎನ್ನುವುದು ಕಷ್ಟ, ಆದರೆ ಇಳಿಜಾರು ಎಷ್ಟು ಕಡಿದು ಎಂದು ಆಣೆ ಮಾಡಿ ಹೇಳುವಷ್ಟು ಬಲವಿಲ್ಲ.

75–84ರ 0.9 ಇನ್ನೂ ಕುತೂಹಲದ್ದು. ಸಿಗರೇಟು ಮುದುಕರ ಹೃದಯಕ್ಕೆ ಒಳ್ಳೆಯದು ಎಂದು ಯಾರೂ ಓದಬೇಕಿಲ್ಲ, ವಿಶ್ವಾಸಾಂತರ 0.6ರಿಂದ 1.35ರವರೆಗಿದೆ. ಸಿಗರೇಟಿಗೆ ಬೇಗ ಬಲಿಯಾಗುವವರು ಮೊದಲೇ ಹೋಗಿ, ಗಟ್ಟಿ ದೇಹದವರಷ್ಟೇ ಉಳಿದಿರಬಹುದು. ಇನ್ನೊಂದು ಸಾಧ್ಯತೆಯತ್ತ ಗಮನ ಹೋಗುವುದು ಕಡಿಮೆ: ಸಾಲಿನೊಳಗೇ ಉಳಿದ ಕನ್‌ಫೌಂಡಿಂಗ್. ಹತ್ತು ವರ್ಷದ ಪಟ್ಟಿಯಲ್ಲಿ ಎಲ್ಲರೂ ಒಂದೇ ವಯಸ್ಸಿನವರಲ್ಲ. ಸೇದುವವರು ಬೇಗ ತೀರಿಕೊಂಡರೆ ಆ ಪಟ್ಟಿಯಲ್ಲಿ ಸೇದದವರ ಸರಾಸರಿ ವಯಸ್ಸು ತುಸು ಹೆಚ್ಚಿರಬಹುದು. ಸೇದದವರ ದರ ಹತ್ತು ವರ್ಷದಲ್ಲಿ 108ರಿಂದ 212ಕ್ಕೆ, ಅಂದರೆ ವರ್ಷಕ್ಕೆ ಶೇ. 7ರಷ್ಟು ಏರುತ್ತದೆ. ಅವರು ಸರಾಸರಿ ಒಂದೂವರೆ ವರ್ಷ ದೊಡ್ಡವರಾಗಿದ್ದರೂ ಸಾಕು, 0.9 ಇದ್ದದ್ದು 1.0 ಆಗಿಬಿಡುತ್ತದೆ. ಮಾರ್ಪಾಡಿನಂತೆ ಕಾಣುವುದರಲ್ಲಿ ಒಂದು ತುಣುಕು ಹೀಗೆ ಕನ್‌ಫೌಂಡಿಂಗ್‌ನದೇ ಆಗಿರಬಹುದು. ಪತ್ತೆಹಚ್ಚುವ ಉಪಾಯ ಸರಳ: 75–79 ಮತ್ತು 80–84 ಎಂದು ಪಟ್ಟಿಯನ್ನು ಒಡೆದು ಮತ್ತೆ ಲೆಕ್ಕ ಹಾಕುವುದು. ಅನುಪಾತ ಮೇಲೆ ಸರಿದರೆ ಆ ತುಣುಕು ವಯಸ್ಸಿನ ಬೆರಕೆಯದು. ಅಲ್ಲೇ ನಿಂತರೆ ಉಳಿದ ವಿವರಣೆಗಳತ್ತ ತಿರುಗಬೇಕು. ಸೇದದವರ 31 ಸಾವುಗಳನ್ನು ಎರಡಾಗಿ ಒಡೆದಾಗ ವಿಶ್ವಾಸಾಂತರ ಇನ್ನಷ್ಟು ಅಗಲವಾಗುತ್ತದೆ, ಆ ಬೆಲೆ ತೆರಲೇಬೇಕು.